ಸಹಿ ಯಾರದು?

ವೇದಿಕೆ ಮೇಲಿರುವ ಗುರುಗಳಿಗೆ, ಹಿಂದಿನ ಸಾಲುಗಳಲ್ಲಿ ಕೂತಿರುವ ಅಪ್ಪ ಅಮ್ಮಂದಿರಿಗೆ, ಮುಂದೆ ಕಪ್ಪು ಗೌನಿನಲ್ಲಿ ಬೆವರುತ್ತಿರುವ ನಿಮಗೆಲ್ಲ ನಮಸ್ಕಾರ.

ಪ್ರಿನ್ಸಿಪಾಲರು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಒಂಬತ್ತರಲ್ಲಿ ಮುಗಿಸುತ್ತೇನೆ. 2004ರಲ್ಲಿ ನಾನೂ ಇದೇ ಹಾಸನದಲ್ಲಿ, ಇದೇ ಸಭಾಂಗಣದಲ್ಲಿ ಕೂತಿದ್ದೆ. ಅವತ್ತಿನ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದ್ದರು. ಈಗ ನೆನಪಿರುವುದು ಊಟಕ್ಕೆ ಹೋಳಿಗೆ ಇತ್ತು ಅನ್ನುವುದೊಂದೇ. ಆ ಅತಿಥಿಗಳ ಗತಿ ನನಗೂ ಬರುತ್ತದೆ ಅಂತ ಗೊತ್ತಿದ್ದೇ ಬಂದಿದ್ದೇನೆ.

ಕೃತಕ ಬುದ್ಧಿಮತ್ತೆ ಮತ್ತು ನೀತಿ ಬಗ್ಗೆ ಮಾತಾಡಿ ಅಂದರು. ದೊಡ್ಡ ಮಾತು. ನಾನು ಚಿಕ್ಕದೊಂದು ಹಾಳೆಯಿಂದ ಶುರು ಮಾಡುತ್ತೇನೆ. ನಿಮ್ಮ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಒಂದು ಡಿಕ್ಲರೇಷನ್ ಪುಟ ಇರುತ್ತದಲ್ಲ? 'ಈ ಕೆಲಸ ನಾವೇ ಮಾಡಿದ್ದು' ಅಂತ ಬರೆದು, ಕೆಳಗೆ ನಾಲ್ಕು ಜನ ಸಹಿ ಹಾಕುವ ಪುಟ. ಬೈಂಡಿಂಗ್ ಅಂಗಡಿಯ ಕಟ್ಟೆ ಮೇಲೆ ಇಟ್ಟುಕೊಂಡು, ಓದದೇ ಸಹಿ ಹಾಕಿರುತ್ತೀರಿ. ನಾವೂ ಹಾಗೇ ಹಾಕಿದ್ದೆವು. ನಿಮ್ಮ ರಿಪೋರ್ಟಿನಲ್ಲಿ ಎಷ್ಟು ಪುಟ ನೀವು ಬರೆದದ್ದು, ಎಷ್ಟು ಪುಟ ಯಂತ್ರ ಬರೆದದ್ದು ಅಂತ ನಾನು ಕೇಳುವುದಿಲ್ಲ. ಗೈಡ್‌ಗಳು ನಗುತ್ತಿದ್ದಾರೆ, ಅವರಿಗೆ ಗೊತ್ತಿದೆ.

ಆದರೆ ಆ ಪುಟ ನೆನಪಿಟ್ಟುಕೊಳ್ಳಿ. ಇನ್ನು ಮುಂದೆ ನೀವು ಮಾಡುವ ಎಷ್ಟೋ ಕೆಲಸಕ್ಕೆ ಅಂಥ ಪುಟವೇ ಇರುವುದಿಲ್ಲ. ನನ್ನ ಕಥೆ ಅದೇ.

ನಮ್ಮದು ಆಲೂರಿನ ಹತ್ತಿರದ ಹಳ್ಳಿ. ಅಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ. ಒಂದಿಷ್ಟು ಶುಂಠಿ, ಒಂದಿಷ್ಟು ಕಾಫಿ, ಹಟ್ಟಿಯಲ್ಲಿ ಎರಡು ಹಸು. ಕೆಲವು ವರ್ಷದ ಹಿಂದೆ ಇನ್ನೂ ಎರಡು ಹಸು ಕೊಳ್ಳೋಣ ಅಂತ ಒಂದು ಫೈನಾನ್ಸ್ ಕಂಪನಿಯಲ್ಲಿ ಸಾಲ ಕೇಳಿದರು. ಡೈರಿಯ ಪಾಸ್‌ಬುಕ್ ಇತ್ತು, ಪಹಣಿ ಇತ್ತು, ಹಳೇ ಸಾಲವನ್ನು ಒಂದು ಕಂತೂ ತಪ್ಪದೆ ತೀರಿಸಿದ ರಸೀದಿ ಇತ್ತು. ಅಲ್ಲಿದ್ದ ಹುಡುಗ ಎಲ್ಲವನ್ನೂ ಟ್ಯಾಬ್‌ಗೆ ತುಂಬಿಸಿದ. ಎರಡು ನಿಮಿಷ ನೋಡಿದ. ಆಮೇಲೆ, 'ಸಿಸ್ಟಮ್ ತಗೊಳ್ತಿಲ್ಲ ಅಮ್ಮ' ಅಂದ.

ಯಾಕೆ ತಗೊಳ್ತಿಲ್ಲ? ಅವನಿಗೂ ಗೊತ್ತಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಮ್ಮ ಕಡುಬು ಬಡಿಸುತ್ತಾ ಕೇಳಿದರು: 'ನೀನು ಕಂಪ್ಯೂಟರ್ ಓದಿದವಳಲ್ವಾ ಮಗಳೇ, ಈ ಸಿಸ್ಟಮ್ ಅಂದ್ರೆ ಯಾರು? ಅವರ ಮನೆ ಎಲ್ಲಿದೆ ಹೇಳು. ಹೋಗಿ ಕೇಳ್ಕೊಂಡು ಬರ್ತೀನಿ.'

ಮನೆಮಂದಿಯೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಬೇಡ ಅಂತ ಅಂಕ ಹಾಕುವ ಮಾಡೆಲನ್ನು ಆ ಫೈನಾನ್ಸ್ ಕಂಪನಿಗೆ ಮಾಡಿಕೊಟ್ಟಿದ್ದು ನಾನಿದ್ದ ಕಂಪನಿ. ಮಾಡಿದ ಆರು ಜನರಲ್ಲಿ ನಾನೊಬ್ಬಳು. ಸಿಸ್ಟಮ್ ಅವರ ಮುಂದೆಯೇ ಚಕ್ಕಂಬಕ್ಕಳ ಹಾಕಿ ಕೂತು ಕಡುಬು ತಿನ್ನುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಆಗಿದ್ದು ಇಷ್ಟು. ಹಳೇ ಸಾಲಗಾರರ ದಾಖಲೆ ತೋರಿಸಿ ಆ ಮಾಡೆಲ್‌ಗೆ ಕಲಿಸಿದ್ದೆವು. ಒಂದೇ ಮೊಬೈಲ್ ನಂಬರನ್ನು ತಮ್ಮ ಹೆಸರಲ್ಲೇ ತುಂಬಾ ದಿನದಿಂದ ಇಟ್ಟುಕೊಂಡವರು ಸಾಲ ಸರಿಯಾಗಿ ತೀರಿಸುತ್ತಾರೆ ಅಂತ ಅದು ಕಲಿತಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮ ಕಡೆ ಹೆಂಗಸರ ಸಿಮ್ ಯಾರ ಹೆಸರಲ್ಲಿರುತ್ತದೆ? ಗಂಡನದು, ಮಗನದು. ಚಿಕ್ಕಮ್ಮನ ಸಿಮ್ ಮಗನ ಹೆಸರಲ್ಲಿತ್ತು. ಈ ಮೊಬೈಲ್ ನಂಬರಿನ ಅಂಕಣವನ್ನು ಮಾಹಿತಿಗೆ ಸೇರಿಸಿದ ದಿನ ಮಾಡೆಲ್‌ನ ನಿಖರತೆ ಸ್ವಲ್ಪ ಏರಿತ್ತು ಅಂತ ಆಫೀಸಿನಲ್ಲಿ ಕೇಕ್ ಕತ್ತರಿಸಿದ್ದೆವು. ಹೆಣ್ಣೋ ಗಂಡೋ ಅನ್ನುವ ಅಂಕಣವನ್ನು ನಾವು ಮೊದಲೇ ತೆಗೆದುಹಾಕಿದ್ದೆವು. ನಾವು ನ್ಯಾಯವಂತರು ಅಂತ ನಮಗೆ ಖುಷಿ ಬೇರೆ! ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆಗೆದಿಟ್ಟಿದ್ದೆವು.

ಇದು ನನ್ನೊಬ್ಬಳ ಮನೆಯ ಕಥೆಯಾಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಗೆ ಸರ್ಕಾರ ಭತ್ಯೆ ಕೊಡುತ್ತದೆ. ಯಾರು ಮೋಸ ಮಾಡುತ್ತಿರಬಹುದು ಅಂತ ಹುಡುಕಲು ಅಲ್ಲಿನ ತೆರಿಗೆ ಇಲಾಖೆ ಒಂದು ಮಾಡೆಲ್ ಇಟ್ಟುಕೊಂಡಿತ್ತು. ಅರ್ಜಿದಾರರು ಯಾವ ದೇಶದ ಪ್ರಜೆ ಅನ್ನುವುದನ್ನೂ ಅದು ಲೆಕ್ಕಕ್ಕೆ ತಗೊಳ್ಳುತ್ತಿತ್ತು. ಸಾವಿರಾರು ತಂದೆ ತಾಯಂದಿರಿಗೆ ಮೋಸಗಾರರು ಅನ್ನುವ ಹಣೆಪಟ್ಟಿ ಬಿತ್ತು. ಪಡೆದ ಹಣವನ್ನೆಲ್ಲ ವಾಪಸ್ ಕಟ್ಟಿ ಅಂತ ನೋಟಿಸ್ ಹೋಯಿತು. ಮನೆ ಕಳೆದುಕೊಂಡವರಿದ್ದಾರೆ, ಸಂಸಾರ ಮುರಿದುಕೊಂಡವರಿದ್ದಾರೆ. 2021ರ ಜನವರಿಯಲ್ಲಿ ಇದೇ ವಿಷಯಕ್ಕೆ ಇಡೀ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಮಂತ್ರಿಗಳು ಹೋದರು, ಸರಿ. ಆ ಮಾಡೆಲ್ ಬರೆದ ಎಂಜಿನಿಯರುಗಳು ಯಾರು? ಅವರ ಹೆಸರು ನನಗೆ ಎಲ್ಲೂ ಕಂಡಿಲ್ಲ. ಬಹುಶಃ ಅವರೂ ನನ್ನ ಹಾಗೆ ಕೇಕ್ ತಿಂದಿರಬೇಕು.

ಈಗ ಬೇಲೂರಿನ ವಿಷಯಕ್ಕೆ ಬರುತ್ತೇನೆ. ಹೆದರಬೇಡಿ, ಡಂಕಣನ ಕಥೆ ಹೇಳಲ್ಲ. ನಾನು ಓದುವಾಗ ಇಲ್ಲಿಗೆ ಬಂದ ಪ್ರತಿ ಅತಿಥಿಯೂ ಅದನ್ನೇ ಹೇಳಿದ್ದರು. ಮೂರ್ತಿಗೆ ಗಂಧ ಬಳಿದದ್ದು, ಹೊಕ್ಕುಳಲ್ಲಿ ಮಾತ್ರ ಒಣಗದೆ ಉಳಿದದ್ದು, ಕಲ್ಲೊಳಗಿಂದ ಕಪ್ಪೆ ಬಂದದ್ದು ನಿಮಗೆಲ್ಲ ಬಾಯಿಪಾಠ. ಅದು ಐತಿಹ್ಯ. ನಾನು ಹೇಳುತ್ತಿರುವುದು ಕಲ್ಲಿನ ಮೇಲೇ ಇದೆ.

ಚೆನ್ನಕೇಶವ ದೇವಸ್ಥಾನ 1117ರಲ್ಲಿ ಪ್ರತಿಷ್ಠೆ ಆದದ್ದು. ಅಲ್ಲಿನ ಎಷ್ಟೋ ಶಿಲ್ಪಗಳ ಬುಡದಲ್ಲಿ ಸಣ್ಣ ಅಕ್ಷರಗಳಿವೆ. ಕೆತ್ತಿದವನ ಹೆಸರು ಅದು. ಬಳ್ಳಿಗಾವೆಯ ದಾಸೋಜ. ಅವನ ಮಗ ಚಾವಣ. ಕೆಲವರು ಊರು ಬರೆದಿದ್ದಾರೆ, ಕೆಲವರು ತಂದೆಯ ಹೆಸರು ಬರೆದಿದ್ದಾರೆ, ಕೆಲವರು ಬಿರುದುಗಳನ್ನೂ ಜೋಡಿಸಿಕೊಂಡಿದ್ದಾರೆ. ಜಂಬ ಇಲ್ಲದೆ ಇರುತ್ತಾ, ಅಂಥ ಕೆಲಸ ಮಾಡಿದ ಮೇಲೆ? ನಮ್ಮ ದೇಶದಲ್ಲಿ ಎಷ್ಟೋ ದೊಡ್ಡ ದೇವಸ್ಥಾನಗಳನ್ನು ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಶಿಲ್ಪಿಗಳು ಹೆಸರು ಹಾಕಿ ಹೋಗಿದ್ದಾರೆ. ಒಂಬೈನೂರು ವರ್ಷ ಆದ ಮೇಲೂ ಈ ಬೆರಳು ಸೊಟ್ಟಗಿದೆ ಅಂತ ಬೈಯಬೇಕೆಂದರೆ ಯಾರನ್ನು ಬೈಯಬೇಕು ಅಂತ ನಮಗೆ ಗೊತ್ತು.

ನಾನು ಅದನ್ನು ಮೆಚ್ಚಿಕೊಂಡದ್ದು ಚಿಕ್ಕಮ್ಮನಿಂದ ಬೈಸಿಕೊಂಡ ಮೇಲೆ. ಮುಂದಿನ ದೀಪಾವಳಿಯ ಹೊತ್ತಿಗೆ ಧೈರ್ಯ ಮಾಡಿ ಅವರಿಗೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ನಿದ್ದರು. ಆಮೇಲೆ ಅಂದರು: 'ಹಾಗಾದ್ರೆ ಆಗಲ್ಲ ಅಂತ ಹೇಳೋ ಕಾಗದದ ಕೆಳಗೆ ನಿನ್ನ ಹೆಸರು ಹಾಕು. ಬೈಯ್ಯೋಕಾದ್ರೂ ಸಿಗ್ತೀಯ.'

ನಾನು ಓದಿರುವ ಎಐ ನೀತಿಯ ದಪ್ಪ ದಪ್ಪ ವರದಿಗಳಲ್ಲಿ ಇಷ್ಟು ನೇರವಾದ ಮಾತು ಸಿಕ್ಕಿಲ್ಲ.

ಅಷ್ಟರೊಳಗೆ ಆಫೀಸಿನಲ್ಲಿ ಏನಾಯಿತು ಅಂತಲೂ ಹೇಳಬೇಕು, ಇಲ್ಲದಿದ್ದರೆ ಕಥೆ ಜಾಸ್ತಿ ಚೆನ್ನಾಗಿ ಕಾಣುತ್ತದೆ. ಆ ಅಂಕಣ ತೆಗೆಯೋಣ ಅಂದೆ. 'ನಿಖರತೆ ಇಳಿಯುತ್ತೆ' ಅಂದರು. ಯಾರಿಗೆ ನಿಖರ ಅಂತ ಕೇಳಿದೆ. ಗಂಡಸರ, ಹೆಂಗಸರ ಅಂಕಿಅಂಶ ಬೇರೆ ಬೇರೆ ಮಾಡಿ ತೋರಿಸಿದೆ. ನಾಲ್ಕು ತಿಂಗಳು ಹಿಡಿಯಿತು. ಕೊನೆಗೆ ತೆಗೆದರು. ಆ ವರ್ಷ ನನಗೆ ಬಡ್ತಿ ಸಿಗಲಿಲ್ಲ. ಎರಡಕ್ಕೂ ಸಂಬಂಧ ಇತ್ತಾ ಇಲ್ವಾ, ನಾನು ಹೇಳಲಾರೆ. ಚಿಕ್ಕಮ್ಮ ಅಷ್ಟರಲ್ಲಿ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡು ಒಂದು ಹಸು ಕಟ್ಟಿದ್ದರು. ಎರಡನೆಯದು ಬರಲೇ ಇಲ್ಲ.

ಬೇರೆ ಬೇರೆ ಮಾಡಿ ನೋಡುವುದು ಅಂದೆನಲ್ಲ, ನನ್ನ ಅನುಭವದಲ್ಲಿ ಅದಕ್ಕಿಂತ ಉಪಯೋಗದ ಅಭ್ಯಾಸ ಇನ್ನೊಂದಿಲ್ಲ. 2018ರಲ್ಲಿ ಜಾಯ್ ಬುವೊಲಂವಿನಿ ಮತ್ತು ಟಿಮ್ನಿಟ್ ಗೆಬ್ರು ಅನ್ನುವ ಇಬ್ಬರು ಸಂಶೋಧಕಿಯರು ಮಾಡಿದ್ದೂ ಅದನ್ನೇ. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ಮೂರು ದೊಡ್ಡ ಕಂಪನಿಗಳ ತಂತ್ರಾಂಶ ತೆಗೆದುಕೊಂಡರು. ಒಟ್ಟು ಅಂಕ ನೋಡಿದರೆ ಎಲ್ಲವೂ ಪಾಸು. ಚರ್ಮದ ಬಣ್ಣ, ಹೆಣ್ಣು ಗಂಡು ಅಂತ ಬಿಡಿಸಿ ನೋಡಿದಾಗ ಬೆಳ್ಳಗಿನ ಗಂಡಸರಲ್ಲಿ ತಪ್ಪು ಶೇ 1 ಕೂಡ ದಾಟಿರಲಿಲ್ಲ. ಕಪ್ಪಗಿನ ಹೆಂಗಸರಲ್ಲಿ ಒಂದು ತಂತ್ರಾಂಶದ ತಪ್ಪು ಶೇ 34.7. ಸರಾಸರಿ ಅನ್ನುವುದು ಎಷ್ಟು ಜನರನ್ನು ಬಚ್ಚಿಡಬಲ್ಲದು ನೋಡಿ. ನಮ್ಮ ಕಡೆ ಇದನ್ನು ವಿವರಿಸಲು ಸಂಶೋಧನೆಯೂ ಬೇಕಾಗಿಲ್ಲ. ವರ್ಷಗಟ್ಟಲೆ ತೋಟದಲ್ಲಿ ದುಡಿದು ಬೆರಳ ಗೆರೆ ಸವೆದವರು ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಒತ್ತಿ ಸೋಲುವುದನ್ನು ನೀವೇ ನೋಡಿರುತ್ತೀರಿ. ಜಾಸ್ತಿ ದುಡಿದವರ ಕೈಯನ್ನೇ ಯಂತ್ರ ಗುರುತಿಸದ ಜಾಗ ಅದು.

ನಿಮ್ಮಲ್ಲಿ ಹಲವರಿಗೆ ಈಗಾಗಲೇ ಆಫರ್ ಲೆಟರ್ ಬಂದಿದೆ. ಬರದೇ ಇರುವವರೂ ಇದ್ದೀರಿ. ನನಗೂ ಇಲ್ಲಿಂದ ಹೋಗಿ ಹನ್ನೊಂದು ತಿಂಗಳ ಮೇಲೆ ಕೆಲಸ ಸಿಕ್ಕಿದ್ದು, ಅವತ್ತು ಹೋಳಿಗೆ ಸರಿಯಾಗಿ ಇಳಿದಿರಲಿಲ್ಲ. ಮೊದಲ ಕೆಲಸದಲ್ಲಿರುವ, ಎಜುಕೇಷನ್ ಲೋನಿನ ಕಂತು ಕಟ್ಟುವ ಹುಡುಗ ಹುಡುಗಿಯರಿಗೆ ಅನ್ಯಾಯ ಕಂಡರೆ ರಾಜೀನಾಮೆ ಬಿಸಾಕಿ ಬನ್ನಿ ಅಂತ ಈ ವೇದಿಕೆಯಿಂದ ಹೇಳುವುದು ಸುಲಭ. ನಾನು ಹೇಳಲ್ಲ. ನಾನೇ ಮಾಡಲಿಲ್ಲ.

ಆದರೆ ಒಂದು ಪುಟ ಬರೆಯಬಹುದು. ಮಾಡೆಲ್ ಕಾರ್ಡ್ ಅಂತ ಅದಕ್ಕೆ ಈಗ ಹೆಸರೂ ಇದೆ. ಈ ಮಾಡೆಲ್ ಯಾರ ದಾಖಲೆ ನೋಡಿ ಕಲಿತಿದೆ, ಯಾರ ದಾಖಲೆ ಅದರಲ್ಲಿ ಇರಲೇ ಇಲ್ಲ, ಯಾವ ಕೆಲಸಕ್ಕೆ ಇದನ್ನು ಬಳಸಬಾರದು, ಯಾರ ವಿಷಯದಲ್ಲಿ ಜಾಸ್ತಿ ತಪ್ಪುತ್ತದೆ. ಇದರ ಜೊತೆಗೆ ನಾನು ಇನ್ನೊಂದು ಸಾಲು ಸೇರಿಸುತ್ತೇನೆ: ತಪ್ಪಾದರೆ ಯಾವ ಮನುಷ್ಯನಿಗೆ ಫೋನ್ ಮಾಡಬೇಕು. ಯಾರೂ ಕೇಳದಿದ್ದರೂ ಬರೆಯಿರಿ. ಬರೆಯಲು ಕೂತಾಗ ಕೈ ಎಲ್ಲಿ ತಡೆಯುತ್ತದೋ ಅಲ್ಲೇ ತೊಂದರೆ ಇದೆ ಅಂತ ಲೆಕ್ಕ. ನಮ್ಮ ಮಾಡೆಲ್‌ಗೆ ಅಂಥ ಪುಟ ಇದ್ದಿದ್ದರೆ, ಸಿಮ್ ಯಾರ ಹೆಸರಲ್ಲಿದೆ ಅನ್ನುವ ಸಾಲಿಗೆ ಬಂದಾಗ ನನಗೆ ಚಿಕ್ಕಮ್ಮ ನೆನಪಾಗುತ್ತಿದ್ದರು. ಖಂಡಿತ ನೆನಪಾಗುತ್ತಿದ್ದರು.

ಈಗ ನಾನು ಮಾಡುವ ಪ್ರತಿ ಮಾಡೆಲ್‌ನ ಪುಟದ ಕೆಳಗೆ ನನ್ನ ಹೆಸರು, ತಾರೀಕು, ನಂಬರ್ ಇರುತ್ತದೆ. ಇಲ್ಲಿಯವರೆಗೆ ಮೂರು ಜನ ಫೋನ್ ಮಾಡಿದ್ದಾರೆ. ಇಬ್ಬರು ಬೈದರು. ಬೈದವರಲ್ಲಿ ಒಬ್ಬರು ಹೇಳಿದ್ದು ಸರಿಯಾಗಿತ್ತು.

ಒಂಬತ್ತು ನಿಮಿಷ ಆಗುತ್ತಾ ಬಂತು. ಊಟ ಆದ ಮೇಲೆ ಹೊತ್ತಿದ್ದರೆ ಬಸ್ ಸ್ಟ್ಯಾಂಡಿಗೆ ಹೋಗಿ ಬೇಲೂರು ಬಸ್ ಹತ್ತಿ. ಸುಮಾರು 40 ಕಿಲೋಮೀಟರ್. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಎಲ್ಲರೂ ತಲೆ ಎತ್ತಿ ಮದನಿಕೆಯರ ಮುಖ ನೋಡುತ್ತಿರುತ್ತಾರೆ. ನೀವು ಅವರ ಕಾಲಿನ ಕೆಳಗೆ ನೋಡಿ, ಹೆಸರು ಸಿಗುತ್ತದಾ ಅಂತ.

ಎಲ್ಲರಿಗೂ ಅಭಿನಂದನೆಗಳು. ನಮಸ್ಕಾರ.