ಪೋಷಕರಿಗೆ: ಶನಿವಾರ, ಭಾನುವಾರದ ಇ-ಸ್ಪೋರ್ಟ್ಸ್ ಪಂದ್ಯಾವಳಿ ಹೇಗೆ ನಡೆಯುತ್ತೆ

ಮಕ್ಕಳು ಇಡೀ ದಿನ ಸ್ಕ್ರೀನ್ ಮುಂದೆ ಕೂತಿರ್ತಾರಾ ಅಂತ ತುಂಬಾ ಪೋಷಕರು ಕೇಳಿದ್ದೀರಿ. ಇಲ್ಲ.

ಇದು ಫುಟ್‌ಬಾಲ್ ವಿಡಿಯೊ ಗೇಮ್. ಗುಂಡು ಹಾರಿಸೋ ಆಟ ಅಲ್ಲ. ಒಟ್ಟು 16 ಮಕ್ಕಳು, ನಾಲ್ಕು ಗುಂಪು. ಶನಿವಾರ ಪ್ರತಿ ಮಗು ತನ್ನ ಗುಂಪಿನ ಮೂವರ ಜೊತೆಗೂ ಒಂದೊಂದು ಪಂದ್ಯ ಆಡುತ್ತೆ, ಹಾಗಾಗಿ ಮೊದಲ ಪಂದ್ಯ ಸೋತರೂ ಮನೆಗೆ ಹೋಗಬೇಕಿಲ್ಲ. ಪ್ರತಿ ಗುಂಪಿನಿಂದ ಇಬ್ಬರು ಭಾನುವಾರದ ನಾಕೌಟ್‌ಗೆ ಬರ್ತಾರೆ. ಅಲ್ಲಿ ಸೋತರೆ ಹೊರಗೆ. ಫೈನಲ್‌ನಲ್ಲಿ ಮಾತ್ರ ಮೂರರಲ್ಲಿ ಎರಡು ಗೆಲ್ಲಬೇಕು.

ಒಂದು ಪಂದ್ಯ ಸುಮಾರು 15 ನಿಮಿಷ. ಲೆಕ್ಕ ಹಾಕಿದರೆ ಶನಿವಾರ ಮುಕ್ಕಾಲು ಗಂಟೆ, ಭಾನುವಾರ ಫೈನಲ್ ತನಕ ಹೋದವರಿಗೂ ಹೆಚ್ಚೆಂದರೆ ಒಂದೂಕಾಲು ಗಂಟೆ ಆಟ. ಪ್ರತಿ ಪಂದ್ಯದ ನಂತರ 15 ನಿಮಿಷ ಎದ್ದು ಓಡಾಡಲೇಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಸಂಜೆ 5ಕ್ಕೆ ಎಲ್ಲ ಬಂದ್.

ದುಡ್ಡಿನ ವಿಷಯ ಸ್ಪಷ್ಟವಾಗಿ ಹೇಳ್ತೀವಿ: ಪ್ರವೇಶ ಶುಲ್ಕ ಇಲ್ಲ, ಬಾಜಿ ಇಲ್ಲ, ಗೇಮ್ ಒಳಗೆ ಏನನ್ನೂ ಕೊಳ್ಳೋ ಹಾಗಿಲ್ಲ. 2025ರ ಕೇಂದ್ರ ಕಾನೂನು ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿದೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಎಲ್ಲರೂ ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲೇ ಆಡೋದು. ಹೊರಗಿನವರ ಜೊತೆ ಚಾಟ್ ಇರಲ್ಲ, ಇಬ್ಬರು ಶಿಕ್ಷಕರು ಜೊತೆಗಿರ್ತಾರೆ. ನಿಮ್ಮ ಮಗುವಿಗೆ ಫಿಟ್ಸ್ ಅಥವಾ ಮೈಗ್ರೇನ್ ತೊಂದರೆ ಇದ್ದರೆ ದಯವಿಟ್ಟು ಮೊದಲೇ ತಿಳಿಸಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಗುರುವಾರದೊಳಗೆ ಕ್ಲಾಸ್ ಟೀಚರ್‌ಗೆ ಕೊಡಿ. ನೋಡೋಕೆ ನೀವೂ ಬನ್ನಿ.