ಅಂಗಡಿಯದೇ ಹೆಸರು, ಅಂಗಡಿಯದೇ ಲಾಭ

ಥಾಣೆ ನಗರದ ಯಾವುದಾದರೂ ದೊಡ್ಡ ಸೂಪರ್‌ಮಾರ್ಕೆಟ್‌ನಲ್ಲಿ ತೊಗರಿಬೇಳೆ ಇಟ್ಟ ಕಡೆ ನಿಂತು ನೋಡಿ. ಬಹಳ ಸಲ ಕಣ್ಣಿಗೆ ನೇರವಾಗಿ ಕಾಣುವುದು ಅಂಗಡಿಯದೇ ಪ್ಯಾಕೆಟ್. ರಿಲಯನ್ಸ್‌ನಲ್ಲಿ ಗುಡ್ ಲೈಫ್, ಡಿಮಾರ್ಟ್‌ನಲ್ಲಿ ಪ್ರೀಮಿಯಾ. ಸುಮ್ನೆ ಇಟ್ಟಿದ್ದಲ್ಲ. ಹೆಸರಾದ ಕಂಪನಿಯ ಮಾಲಿನ ಬೆಲೆಯಲ್ಲಿ ಟಿವಿ ಜಾಹೀರಾತು, ಡೀಲರ್ ಕಮಿಷನ್ ಎಲ್ಲ ಸೇರಿರುತ್ತದೆ, ಅಂಗಡಿಯ ಲೇಬಲ್‌ಗೆ ಆ ಖರ್ಚು ತೀರಾ ಕಡಿಮೆ, ಹಾಗಾಗಿ ಗಿರಾಕಿಗೆ ಅಗ್ಗಕ್ಕೆ ಕೊಟ್ಟರೂ ಅಂಗಡಿಗೆ ಲಾಭ ಜಾಸ್ತಿ. ಇನ್ನೊಂದು ಲೆಕ್ಕವೂ ಇದೆ: ಮಾರ್ಜಿನ್ ಚೌಕಾಸಿಯಲ್ಲಿ ಕಂಪನಿಯವರು ಬಿಗಿ ಹಿಡಿದರೆ ಅಂಗಡಿಯವರು 'ನಮ್ಮದೇ ಮಾಲಿದೆ' ಅನ್ನಬಹುದು. ಆದರೆ ಬೇಳೆ, ಸಕ್ಕರೆ, ಫಿನಾಯಿಲ್‌ನಲ್ಲಿ ನಡೆಯುವುದು ಮಗುವಿನ ಹಾಲಿನಪುಡಿಯಲ್ಲಿ ಅಷ್ಟು ಸುಲಭವಲ್ಲ. ಅಲ್ಲಿ ನಂಬಿದ ಹೆಸರನ್ನೇ ಹುಡುಕುತ್ತೇವೆ, ಅಲ್ವಾ? ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರವನ್ನೂ ಓದಿ. ಎಷ್ಟೋ ಸಲ ತಯಾರಿಸಿದ್ದು ಬೇರೆಯದೇ ಕಾರ್ಖಾನೆ.