ನನ್ನ ನಂತರ ಓದಬೇಕಾದ ಪತ್ರ

ಪ್ರೀತಿಯ ಮಕ್ಕಳಿಗೆ ಅಪ್ಪನ ಆಶೀರ್ವಾದಗಳು.

ನೇತ್ರದಾನ ಕೆಲವೇ ಗಂಟೆಗಳೊಳಗೆ ಆಗಬೇಕಾದ್ದರಿಂದ ಅದನ್ನು ಮೊದಲೇ ಬಾಯಿಬಿಟ್ಟು ಹೇಳಿದ್ದೆ, ಉಳಿದದ್ದು ಇಲ್ಲಿದೆ. ಉಯಿಲು ಬೀರುವಿನ ಮೇಲಿನ ಖಾನೆಯಲ್ಲಿದೆ, ಅದರಂತೆ ಹಂಚಿಕೊಳ್ಳಿ. ನಿಮ್ಮಮ್ಮನ ಹೊಲಿಗೆ ಯಂತ್ರವನ್ನು ಮಾತ್ರ ಮಾರಬೇಡಿ.

ಮಗನೇ, ನಾನು ಸೊಂಟ ಮುರಿದುಕೊಂಡು ಮಲಗಿದ್ದ 4 ತಿಂಗಳು, ಕೆಲಸದಿಂದ ದಣಿದು ಬಂದರೂ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ ಉಗುರು ಕತ್ತರಿಸುತ್ತಿದ್ದೆಯಲ್ಲ, ಆ ಋಣವನ್ನು ತೀರಿಸಲಾರದೆ ಹೋದೆ.

ಮಗಳೇ, ನಿನ್ನ ಮದುವೆಯನ್ನು ಒಪ್ಪದೆ 6 ವರ್ಷ ಮಾತು ಬಿಟ್ಟದ್ದು ನನ್ನ ತಪ್ಪು. ನೀನು ಬರೆದ ಕಾಗದಗಳನ್ನೆಲ್ಲ ಓದಿ ಜೋಪಾನವಾಗಿಟ್ಟಿದ್ದರೂ ಒಂದಕ್ಕೂ ಉತ್ತರಿಸದಿದ್ದುದು ಬರೀ ಹಟ. ಸಾಧ್ಯವಾದರೆ ಕ್ಷಮಿಸು. ನಿಮ್ಮಿಬ್ಬರ ಮೇಲೆ ನನಗೆ ಯಾವ ಬೇಸರವೂ ಉಳಿದಿಲ್ಲ.

ಆ ಕಾಗದಗಳು ಉಯಿಲಿನ ಕೆಳಗೇ ಇವೆ.

ಇಂತಿ,
ನಿಮ್ಮ ಅಪ್ಪ